ಭೇಟಿಯಾಗದ ಜೋಡಿಗಳು: ಕ್ವಿಕ್ ಸಾರ್ಟ್‌ನ ವರ್ಸ್ಟ್ ಕೇಸ್, ಆವರೇಜ್ ಕೇಸ್

ಹಾವೇರಿಯ ಕಾಲೇಜೊಂದರಲ್ಲಿ ಬಿಸಿಎ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಓದಲು ಅನುಕೂಲವಾಗುವಂತೆ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಕ್ವಿಕ್ ಸಾರ್ಟ್‌ನ ವರ್ಸ್ಟ್ ಕೇಸ್ O(n²), ಆವರೇಜ್ ಕೇಸ್ O(n log n). ಈ ವ್ಯತ್ಯಾಸ ಯಾಕೆ, ವಿವರಿಸಿ. ಉತ್ತರ ಪತ್ರಿಕೆ ತಿದ್ದುವಾಗ ನಾನು ನೋಡುವುದು ಹೀಗೆ: ಎರಡೂ ಸೂತ್ರ ಸರಿಯಾಗಿರುತ್ತವೆ. ಒಂದು ಚಿತ್ರವೂ ಇರುತ್ತದೆ. 'ಯಾಕೆ' ಅನ್ನುವ ಕಡೆ ಬಂದಾಗ ಮಾತ್ರ 'ಪಿವಟ್ ಸರಿಯಾಗಿ ಸಿಗದಿದ್ದರೆ ಜಾಸ್ತಿ ಸಮಯ ಹಿಡಿಯುತ್ತದೆ' ಎಂದು ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಆ ಸಾಲು ತಪ್ಪಲ್ಲ. ಆದರೆ ಅದರೊಳಗೆ ಏನಿದೆ ಅನ್ನುವುದೇ ಪ್ರಶ್ನೆ. ಇವತ್ತು ಅದೊಂದನ್ನೇ ಹಿಡಿದು ಕೂರೋಣ.

ಮೊದಲು ಏಳು ಜನ ವೇದಿಕೆಗೆ ಬನ್ನಿ. ಒಬ್ಬೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ. ಚೀಟಿಗಳ ಮೇಲೆ 12, 25, 31, 44, 58, 67, 90 ಎಂಬ ಸಂಖ್ಯೆಗಳಿವೆ. ಸಾಲಿನ ಕೊನೆಯಲ್ಲಿ ನಿಂತವರು ಪಿವಟ್. ಅವರ ಹೆಗಲ ಮೇಲೆ ಈ ಕೆಂಪು ಟವೆಲ್ ಹಾಕುತ್ತೇನೆ. ಉಳಿದವರು ಒಬ್ಬೊಬ್ಬರಾಗಿ ಟವೆಲ್ ಹಾಕಿಕೊಂಡವರ ಹತ್ತಿರ ಹೋಗಿ ತಮ್ಮ ಚೀಟಿ ತೋರಿಸಬೇಕು. ಪಿವಟ್‌ಗಿಂತ ಚಿಕ್ಕವರು ಎಡಕ್ಕೆ, ಉಳಿದವರು ಬಲಕ್ಕೆ. ಪಿವಟ್ ಎರಡೂ ಗುಂಪುಗಳ ನಡುವೆ ನಿಲ್ಲುತ್ತಾರೆ, ಮತ್ತೆ ಅಲ್ಲಿಂದ ಕದಲುವುದಿಲ್ಲ. ಆಮೇಲೆ ಎಡದ ಗುಂಪು ತನ್ನ ಪಾಡಿಗೆ ಇದೇ ಆಟ ಆಡುತ್ತದೆ, ಬಲದ ಗುಂಪು ತನ್ನ ಪಾಡಿಗೆ. ಪ್ರತಿ ಸಲ ಚೀಟಿ ತೋರಿಸಿದಾಗ ಬೋರ್ಡಿನ ಹತ್ತಿರ ಇರುವವರು ಒಂದು ಗೆರೆ ಎಳೆಯಬೇಕು. ಗೆರೆ ಅಂದರೆ ಒಂದು ಹೋಲಿಕೆ. ನಮಗೆ ಬೇಕಾದ ಅಳತೆ ಅದೇ.

ಗುಂಪು ಭಾಗ ಮಾಡುವ ಒಂದು ಸುತ್ತು ಕೋಡಿನಲ್ಲಿ ಇಷ್ಟೇ:

```
int partition(int a[], int lo, int hi) {
    int p = a[hi], i = lo;
    for (int j = lo; j < hi; j++)
        if (a[j] < p) swap(&a[i++], &a[j]);
    swap(&a[i], &a[hi]);
    return i;
}
```

ಮೊದಲ ಸಲ ಹೀಗೆ ನಿಲ್ಲಿ: 58, 12, 90, 31, 67, 25, 44. ಟವೆಲ್ 44ರ ಹೆಗಲಿಗೆ. ಆರು ಜನ ಬಂದು ಚೀಟಿ ತೋರಿಸಿದರು, ಆರು ಗೆರೆ. ಎಡಕ್ಕೆ 12, 31, 25 ಬಂದರು. ಬಲಕ್ಕೆ 67, 90, 58. ಎಡದಲ್ಲಿ 25 ಪಿವಟ್. ಇಬ್ಬರು ಬಂದು ತೋರಿಸಿದರು, ಎರಡು ಗೆರೆ. 12 ಒಂದು ಕಡೆ, 31 ಇನ್ನೊಂದು ಕಡೆ. ಎಡ ಮುಗಿಯಿತು. ಬಲದಲ್ಲಿ 58 ಪಿವಟ್. ಇಬ್ಬರು ತೋರಿಸಿದರು, ಇಬ್ಬರೂ ದೊಡ್ಡವರೇ. 90 ಮತ್ತು 67 ಒಂದೇ ಕಡೆ ಉಳಿದರು. ಅವರಿಬ್ಬರ ನಡುವೆ ಇನ್ನೊಂದು ಹೋಲಿಕೆ. ಒಟ್ಟು ಆರು, ಎರಡು, ಎರಡು, ಒಂದು. 11 ಗೆರೆ.

ಈಗ ಅದೇ ಏಳು ಜನ, ಅದೇ ಚೀಟಿ, ಚಿಕ್ಕದರಿಂದ ದೊಡ್ಡದಕ್ಕೆ ನಿಲ್ಲಿ. 12, 25, 31, 44, 58, 67, 90. ಅಂದರೆ ಕೆಲಸ ಆಗಲೇ ಮುಗಿದಿದೆ. ಟವೆಲ್ 90ರ ಹೆಗಲಿಗೆ. ಆರು ಜನ ಬಂದರು, ಆರೂ ಜನ ಚಿಕ್ಕವರು.

ಟವೆಲ್ ಹಾಕಿಕೊಂಡಿದ್ದ ಹುಡುಗಿ ಇಲ್ಲಿ ಕೇಳಿದಳು: "ಸರ್, ಈಗ ನಾ ಎಲ್ಲಿ ಹೋಗ್ಲಿರಿ?"

ಎಲ್ಲಿಗೂ ಹೋಗಬೇಡಮ್ಮ, ನೀನು ನಿಂತಿರುವುದೇ ನಿನ್ನ ಜಾಗ. ಬಲಕ್ಕೆ ಯಾರೂ ಇಲ್ಲ, ಎಡಕ್ಕೆ ಆರೂ ಜನ ಹಾಗೇ ಇದ್ದಾರೆ. ಈಗ ಟವೆಲ್ 67ಕ್ಕೆ. ಐದು ಗೆರೆ. ಆಮೇಲೆ 58ಕ್ಕೆ, ನಾಲ್ಕು ಗೆರೆ. ಮೂರು, ಎರಡು, ಒಂದು. ಕೂಡಿಸಿ: 6 + 5 + 4 + 3 + 2 + 1 = 21.

ಒಂದು ಸಲ 11, ಇನ್ನೊಂದು ಸಲ 21. ಎರಡೂ ಸಲ n ಏಳೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲೇ ಬಹಳ ಜನ ಜಾರುತ್ತಾರೆ. 'n ಜಾಸ್ತಿಯಾದಾಗ ವರ್ಸ್ಟ್ ಕೇಸ್ ಬರುತ್ತದೆ' ಎಂದು ಬರೆಯುತ್ತಾರೆ. ಹಾಗಲ್ಲ. n ಅನ್ನು ಒಂದು ಕಡೆ ಕಟ್ಟಿಹಾಕಿ, ಅಷ್ಟೇ ಚೀಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ನಿಲ್ಲಿಸಿದಾಗ ಯಾವ ಸಾಲು ಅತಿ ಹೆಚ್ಚು ಗೆರೆ ಎಳೆಸುತ್ತದೋ ಅದು ವರ್ಸ್ಟ್ ಕೇಸ್. ಎಲ್ಲ ಸಾಲುಗಳ ಗೆರೆಗಳನ್ನೂ ಕೂಡಿಸಿ ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಆವರೇಜ್ ಕೇಸ್. ಸೂತ್ರದಲ್ಲಿ n ಬರುವುದು ಆಮೇಲೆ.

ಈಗ ಬೋರ್ಡಿನ ಮೇಲಿನ 21 ಅನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿ. ಏಳು ಜನರಲ್ಲಿ ಎಷ್ಟು ಜೋಡಿಗಳಾಗುತ್ತವೆ? ಏಳು ಗುಣಿಸು ಆರು, ಭಾಗಿಸು ಎರಡು. 21. ಅಂದರೆ ಎರಡನೇ ಸಲ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಚೀಟಿ ತೋರಿಸಿದ್ದಾರೆ. ಒಂದು ಜೋಡಿಯೂ ಬಿಟ್ಟಿಲ್ಲ. ಕ್ವಿಕ್ ಸಾರ್ಟ್‌ನಲ್ಲಿ ಯಾವ ಜೋಡಿಯೂ ಎರಡು ಸಲ ಭೇಟಿಯಾಗುವುದಿಲ್ಲ, ಯಾಕಂದರೆ ಹೋಲಿಕೆ ನಡೆಯುವುದು ಪಿವಟ್ ಜೊತೆ ಮಾತ್ರ, ಆ ಪಿವಟ್ ಮುಂದಿನ ಸುತ್ತಿಗೆ ಬರುವುದೇ ಇಲ್ಲ. ಹಾಗಾಗಿ 21ಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ. n ಜನ ಇದ್ದರೆ ಆ ಮಿತಿ n(n−1)/2. ನಿಮ್ಮ O(n²) ಬಂದದ್ದು ಅಲ್ಲಿಂದ.

ಹಾಗಾದರೆ ಮೊದಲ ಸಲ 11ಕ್ಕೆ ಮುಗಿದದ್ದು ಹೇಗೆ? ಹತ್ತು ಜೋಡಿಗಳು ಭೇಟಿಯಾಗಲೇ ಇಲ್ಲ. 12 ಮತ್ತು 90 ಒಬ್ಬರಿಗೊಬ್ಬರು ಚೀಟಿ ತೋರಿಸಲೇ ಇಲ್ಲ. ಯಾಕೆ ತೋರಿಸಬೇಕು? ಇವನು 44ಕ್ಕಿಂತ ಚಿಕ್ಕವನು, ಅವಳು 44ಕ್ಕಿಂತ ದೊಡ್ಡವಳು. 44 ನಡುವೆ ನಿಂತು ಅವರಿಬ್ಬರ ವ್ಯಾಜ್ಯವನ್ನು ಮೊದಲೇ ತೀರಿಸಿಬಿಟ್ಟಿದೆ. ಎಡದ ಮೂವರು, ಬಲದ ಮೂವರು, ಅವರ ನಡುವಿನ ಒಂಬತ್ತು ಜೋಡಿಗಳು ಒಂದೇ ಏಟಿಗೆ ಉಳಿದವು. ಹತ್ತನೆಯದು 12 ಮತ್ತು 31. ಅವರನ್ನು ಬೇರೆ ಮಾಡಿದ್ದು 25.

ಇವತ್ತಿನ ಮಾತಿನ ತಿರುಳು ಇದೇ. ಕ್ವಿಕ್ ಸಾರ್ಟ್‌ನ ಲಾಭ ಇರುವುದು ಭೇಟಿಯಾಗದ ಜೋಡಿಗಳಲ್ಲಿ. ಪಿವಟ್ ಅಂಚಿನಲ್ಲಿ ಸಿಕ್ಕರೆ, ಅಂದರೆ ಗುಂಪಿನ ಅತಿ ಚಿಕ್ಕದೋ ಅತಿ ದೊಡ್ಡದೋ ಆದರೆ, ಅದು ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ. ಎಲ್ಲರೂ ಒಂದೇ ಕಡೆ ಉಳಿಯುತ್ತಾರೆ. ಒಂದು ಜೋಡಿಯೂ ಉಳಿತಾಯವಾಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಹೀಗೇ ಆದರೆ ವರ್ಸ್ಟ್ ಕೇಸ್.

ಆವರೇಜ್ ಎಷ್ಟು ಅನ್ನುವುದಕ್ಕೆ ಮೊದಲು ಮೂರೇ ಚೀಟಿ ತೆಗೆದುಕೊಳ್ಳೋಣ: 1, 2, 3. ಇವನ್ನು ಆರು ರೀತಿ ನಿಲ್ಲಿಸಬಹುದು. ಕೊನೆಯಲ್ಲಿ 2 ನಿಂತಿರುವ ಸಾಲುಗಳು ಎರಡು. ಅಲ್ಲಿ 1 ಮತ್ತು 3 ಬೇರೆಯಾಗುತ್ತವೆ, ಎರಡೇ ಹೋಲಿಕೆಗೆ ಕೆಲಸ ಮುಗಿಯುತ್ತದೆ. ಉಳಿದ ನಾಲ್ಕು ಸಾಲುಗಳಲ್ಲಿ ಕೊನೆಯಲ್ಲಿ 1 ಅಥವಾ 3 ಇರುತ್ತದೆ, ಮೂರು ಹೋಲಿಕೆ ಬೇಕು. ಒಟ್ಟು 4 + 12 = 16. ಆರರಿಂದ ಭಾಗಿಸಿದರೆ 2.67. ಪರೀಕ್ಷೆಯಲ್ಲಿ ಆವರೇಜ್ ಕೇಸ್ ಅಂದರೇನು ಎಂದು ಕೇಳಿದಾಗ ಈ ಆರು ಸಾಲುಗಳನ್ನು ಬರೆದು ತೋರಿಸಿ. ಅರ್ಧ ಪುಟವೂ ಹಿಡಿಯುವುದಿಲ್ಲ, ಆದರೆ ನಿಮಗೆ ಅರ್ಥವಾಗಿದೆ ಅನ್ನುವುದು ತಿದ್ದುವವರಿಗೆ ತಕ್ಷಣ ತಿಳಿಯುತ್ತದೆ.

ಏಳು ಚೀಟಿಗೆ 5040 ಸಾಲುಗಳಾಗುತ್ತವೆ. ಅಷ್ಟನ್ನೂ ಬರೆಯಲು ಆಗುವುದಿಲ್ಲ ಅಲ್ವಾ? ಜೋಡಿಗಳ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. ಒಂದು ಜೋಡಿ ಹಿಡಿಯಿರಿ, 25 ಮತ್ತು 58. ಇವರಿಬ್ಬರೂ ಭೇಟಿಯಾಗುತ್ತಾರೋ ಇಲ್ಲವೋ ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? 12 ಪಿವಟ್ ಆದರೆ ಇಬ್ಬರೂ ಬಲಕ್ಕೆ ಹೋಗುತ್ತಾರೆ, ಜೊತೆಗೇ ಇರುತ್ತಾರೆ. 90 ಆದರೂ ಜೊತೆಗೇ. ಹೊರಗಿನವರಿಂದ ಏನೂ ಆಗುವುದಿಲ್ಲ. 25, 31, 44, 58, ಈ ನಾಲ್ವರಲ್ಲಿ ಯಾರು ಮೊದಲು ಟವೆಲ್ ಹಾಕಿಕೊಳ್ಳುತ್ತಾರೆ ಅನ್ನುವುದೇ ಮುಖ್ಯ. ನಡುವಿನ 31 ಅಥವಾ 44 ಮೊದಲು ಪಿವಟ್ ಆದರೆ ಅವರು ಬೇರೆಯಾದರು, ಇನ್ನು ಭೇಟಿ ಇಲ್ಲ. 25 ಅಥವಾ 58 ತಾವೇ ಮೊದಲು ಪಿವಟ್ ಆದರೆ ಭೇಟಿ ಖಂಡಿತ. ನಾಲ್ವರಲ್ಲಿ ಇಬ್ಬರು. ಹಾಗಾಗಿ ಭೇಟಿಯ ಸಂಭವ 2/4.

ಇದನ್ನೇ ಎಲ್ಲರಿಗೂ ಹೇಳಬಹುದು. ಸಾರ್ಟ್ ಆದ ಮೇಲಿನ ಸಾಲಿನಲ್ಲಿ ಇಬ್ಬರ ನಡುವಿನ ದೂರ d ಆದರೆ ಅವರು ಭೇಟಿಯಾಗುವ ಸಂಭವ 2/(d+1). ಅಕ್ಕಪಕ್ಕದವರಿಗೆ d ಒಂದು, ಸಂಭವ 2/2. ಅಂದರೆ ಅವರು ಭೇಟಿಯಾಗಲೇಬೇಕು, ಅವರನ್ನು ಬೇರೆ ಮಾಡಲು ನಡುವೆ ಯಾರೂ ಇಲ್ಲ. 12 ಮತ್ತು 90ರ ನಡುವಿನ ದೂರ ಆರು, ಸಂಭವ 2/7. ದೂರದವರು ಭೇಟಿಯಾಗುವುದು ಕಡಿಮೆ. ನೀವು ಕಣ್ಣಾರೆ ನೋಡಿದ್ದೂ ಅದನ್ನೇ.

ಏಳು ಜನರಲ್ಲಿ ದೂರ 1 ಇರುವ ಜೋಡಿಗಳು ಆರು, ದೂರ 2 ಇರುವವು ಐದು, ಹೀಗೆ ಇಳಿಯುತ್ತದೆ. ಒಂದೊಂದು ದೂರಕ್ಕೂ ಜೋಡಿಗಳನ್ನು ಸಂಭವದಿಂದ ಗುಣಿಸಿ ಕೂಡಿಸೋಣ:

```
6*(2/2) + 5*(2/3) + 4*(2/4) + 3*(2/5) + 2*(2/6) + 1*(2/7)
= 6 + 3.33 + 2 + 1.2 + 0.67 + 0.29
= 13.49
```

5040 ಸಾಲುಗಳ ಸರಾಸರಿ 13.49 ಹೋಲಿಕೆ. ಬೇಕಾದರೆ ಮೂರು ಚೀಟಿಗೂ ಮಾಡಿ ನೋಡಿ: 2×1 + 1×(2/3) = 2.67. ಆರು ಸಾಲು ಬರೆದಾಗ ಬಂದದ್ದೇ ಇಲ್ಲೂ ಬಂತು.

log ಎಲ್ಲಿಂದ ಬಂತು ಅನ್ನುವುದು ಇಲ್ಲೇ ಕಾಣುತ್ತದೆ. ಒಬ್ಬ ವ್ಯಕ್ತಿ ತನ್ನ ಒಂದು ಪಕ್ಕದಲ್ಲಿ ಇರುವವರನ್ನು ಎಷ್ಟು ಸಲ ಭೇಟಿಯಾಗುತ್ತಾನೆ? 2/2 + 2/3 + 2/4 + 2/5 ಹೀಗೆ. ಭಾಗಿಸುವ ಸಂಖ್ಯೆ ಬೆಳೆಯುತ್ತಾ ಹೋದಂತೆ ಸೇರುವುದು ಕಡಿಮೆಯಾಗುತ್ತಾ ಹೋಗುತ್ತದೆ. 1/2 + 1/3 + 1/4 ಎನ್ನುವ ಈ ಸಾಲಿನ ಮೊತ್ತ n ಬೆಳೆದಂತೆ log n ನಷ್ಟೇ ನಿಧಾನವಾಗಿ ಬೆಳೆಯುತ್ತದೆ. ಅಂಥ n ಜನ. ಆದ್ದರಿಂದ n log n. ಪುಸ್ತಕಗಳಲ್ಲಿ ಇದನ್ನು ಮೂರು ಪುಟದ ರಿಕರೆನ್ಸ್ ಬಿಡಿಸಿ ತೋರಿಸುತ್ತಾರೆ. ಸಿಲಬಸ್‌ನಲ್ಲಿ ರಿಕರೆನ್ಸ್ ಕೇಳಿದ್ದರೆ ಅದನ್ನೇ ಬರೆಯಿರಿ. ನನಗೆ ಮಾತ್ರ ಈ ಜೋಡಿಗಳ ದಾರಿಯೇ ಇಷ್ಟ, ಯಾಕಂದರೆ ಉತ್ತರ ಏನು ಅನ್ನುವುದರ ಜೊತೆಗೆ ಕಾರಣವೂ ಕೈಗೆ ಸಿಗುತ್ತದೆ.

ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಆವರೇಜ್ ಅಂದರೆ ಬೆಸ್ಟ್ ಮತ್ತು ವರ್ಸ್ಟ್ ಕೂಡಿಸಿ ಎರಡರಿಂದ ಭಾಗಿಸುವುದು ಎಂದು ಕೆಲವರು ಬರೆಯುತ್ತಾರೆ. ಏಳು ಚೀಟಿಗೆ ಬೆಸ್ಟ್ 10, ವರ್ಸ್ಟ್ 21. ನಡುವಿನದು 15.5. ನಿಜವಾದ ಸರಾಸರಿ 13.49. ಚಿಕ್ಕ ವ್ಯತ್ಯಾಸ ಅನ್ನಿಸಬಹುದು. n ಬೆಳೆದಾಗ ಆ ಲೆಕ್ಕ ಎಲ್ಲಿಗೆ ಒಯ್ಯುತ್ತದೆ ಎಂದು ಈಗ ನೋಡೋಣ.

ನಾನು ಪಾಠ ಮಾಡಲು ಬರುವ ಮೊದಲು ಅಂಗಡಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಒಂದು ದಲಾಲಿ ಅಂಗಡಿಗೂ ಬರೆದಿದ್ದೆ. ಬಿಲ್ ನಂಬರ್, ರೈತರ ಹೆಸರು, ಚೀಲ, ತೂಕ, ದರ. ಬಿಲ್‌ಗಳು ನಂಬರ್ ಪ್ರಕಾರವೇ ಸೇರುತ್ತಿದ್ದವು. ಆದರೆ ಎಲ್ಲೋ ಒಂದೊಂದು ಬಿಲ್ ತಡವಾಗಿ ಬರುತ್ತಿತ್ತು. ಅದಕ್ಕೆ ವರದಿ ತೆಗೆಯುವಾಗೆಲ್ಲ ಬಿಲ್ ನಂಬರ್ ಮೇಲೆ ಒಮ್ಮೆ ಸಾರ್ಟ್ ಮಾಡಿಸುತ್ತಿದ್ದೆ. ಕ್ವಿಕ್ ಸಾರ್ಟ್, ನಾನೇ ಬರೆದದ್ದು, ಮೇಲಿನ ಕೋಡೇ. ಕೊಡುವ ಮೊದಲು 50,000 ಸಂಖ್ಯೆಗಳನ್ನು rand() ನಿಂದ ತುಂಬಿ ಪರೀಕ್ಷೆಯನ್ನೂ ಮಾಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

ಏಪ್ರಿಲ್‌ನಲ್ಲಿ ಹೊಸ ಲೆಕ್ಕ ಶುರುವಾಯಿತು. ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಮೆಣಸಿನಕಾಯಿ ಸೀಸನ್ ಬಂದು ಬಿಲ್‌ಗಳು ಏರಿದ ಮೇಲೆ ಅಂಗಡಿಯಿಂದ ಫೋನ್ ಬಂತು. "ವರದಿ ಒತ್ತಿದ್ರ ಕಂಪ್ಯೂಟರ್ ನಿಂತ್ಕೊಂಡ್ ಬಿಡ್ತೈತ್ರಿ." ಇನ್ನೂ ಕೆಲವು ದಿನಕ್ಕೆ ಪ್ರೋಗ್ರಾಂ ನಡುವೆಯೇ ಮುಚ್ಚಿಕೊಳ್ಳತೊಡಗಿತು. ಆಗ ಫೈಲಿನಲ್ಲಿ ಸುಮಾರು 40,000 ಬಿಲ್‌ಗಳಿದ್ದವು.

ಲೆಕ್ಕ ಹಾಕಿ ನೋಡಿ. 40,000ಕ್ಕೆ ಎಲ್ಲ ಜೋಡಿಗಳೂ ಭೇಟಿಯಾದರೆ 79,99,80,000 ಹೋಲಿಕೆ, ಹೆಚ್ಚೂಕಡಿಮೆ 80 ಕೋಟಿ. ಸರಾಸರಿ ಪ್ರಕಾರ ಆಗಬೇಕಿದ್ದದ್ದು ಸುಮಾರು 7 ಲಕ್ಷ 34 ಸಾವಿರ. ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಬೆಸ್ಟ್ ಮತ್ತು ವರ್ಸ್ಟ್ ಕೂಡಿಸಿ ಅರ್ಧ ಮಾಡುವವರಿಗೆ ಇಲ್ಲಿ 40 ಕೋಟಿ ಬರುತ್ತದೆ. ಅದು ಸರಾಸರಿಯ ಹತ್ತಿರಕ್ಕೂ ಬರುವುದಿಲ್ಲ.

ಪ್ರೋಗ್ರಾಂ ಮುಚ್ಚಿಕೊಂಡದ್ದಕ್ಕೆ ಕಾರಣ ಬೇರೆ, ಆದರೆ ಬೇರು ಒಂದೇ. ಪ್ರತಿ ಸುತ್ತಿನಲ್ಲೂ ಒಬ್ಬರು ಮಾತ್ರ ಕಡಿಮೆಯಾದರೆ ಫಂಕ್ಷನ್ ತನ್ನೊಳಗೆ ತಾನೇ ಸುಮಾರು 40,000 ಸಲ ಇಳಿಯಬೇಕು. ಒಂದೊಂದು ಇಳಿತಕ್ಕೂ ಸ್ಟ್ಯಾಕ್‌ನಲ್ಲಿ ಸ್ವಲ್ಪ ಜಾಗ ಬೇಕು, ಆ ಜಾಗ ತುಂಬಿದರೆ ಸ್ಟ್ಯಾಕ್ ಓವರ್‌ಫ್ಲೋ. ಪೈಥಾನ್ ಗೊತ್ತಿರುವವರು ಇದನ್ನು ಮನೆಯಲ್ಲೇ ನೋಡಬಹುದು. ಕ್ವಿಕ್ ಸಾರ್ಟ್ ಅನ್ನು ಹೀಗೇ ಬರೆದು ಮೊದಲೇ ಸಾರ್ಟ್ ಆಗಿರುವ 2000 ಸಂಖ್ಯೆ ಕೊಡಿ. ಪೈಥಾನ್‌ನಲ್ಲಿ ಇಳಿತದ ಮಿತಿ ಸಾಮಾನ್ಯವಾಗಿ 1000 ಇರುತ್ತದೆ. `RecursionError` ಎಂದು ನಿಲ್ಲುತ್ತದೆ. ಅದೇ 2000 ಸಂಖ್ಯೆಯನ್ನು ಕಲಸಿ ಕೊಡಿ, ಆರಾಮಾಗಿ ಓಡುತ್ತದೆ.

ನನ್ನ ತಪ್ಪು ಎಲ್ಲಿತ್ತು? ಪರೀಕ್ಷೆ ಮಾಡಿದ್ದು rand() ಸಂಖ್ಯೆಗಳ ಮೇಲೆ, ಅಂಗಡಿಯಲ್ಲಿ ಬಂದದ್ದು ಹೆಚ್ಚುಕಡಿಮೆ ಸಾರ್ಟ್ ಆದ ಬಿಲ್‌ಗಳು. ನಾನು ಆವರೇಜ್ ಕೇಸ್ ಅಳೆದು ವರ್ಸ್ಟ್ ಕೇಸ್ ಇರುವ ಕಡೆ ಕಳಿಸಿದ್ದೆ.

ಇಲ್ಲಿ ಆವರೇಜ್ ಕೇಸ್‌ನ ಒಂದು ಷರತ್ತು ಇದೆ. ಪರೀಕ್ಷೆಯಲ್ಲಿ ಇದನ್ನು ಬರೆಯುವವರು ಬಹಳ ಕಡಿಮೆ. ಆವರೇಜ್ ಲೆಕ್ಕ ಹಾಕುವಾಗ ನಾವು n! ಸಾಲುಗಳೂ ಒಂದೇ ಸಮನಾಗಿ ಬರುತ್ತವೆ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಏಳು ಚೀಟಿಯ 5040 ಸಾಲುಗಳಲ್ಲಿ 21 ಹೋಲಿಕೆ ಕೇಳುವ ಸಾಲುಗಳು 64 ಮಾತ್ರ. ಪ್ರತಿ ಸುತ್ತಿನಲ್ಲೂ ಪಿವಟ್ ಎರಡು ಅಂಚುಗಳಲ್ಲಿ ಒಂದಾಗಿರಬೇಕು: 2/7, ಆಮೇಲೆ 2/6, 2/5, 2/4, 2/3. ಗುಣಿಸಿ ನೋಡಿ, 5040ರಲ್ಲಿ 64 ಬರುತ್ತದೆ. 20 ಚೀಟಿಗೆ ಹೋದರೆ ಸುಮಾರು 4.6 ಲಕ್ಷ ಕೋಟಿ ಸಾಲುಗಳಲ್ಲಿ ಒಂದು ಮಾತ್ರ ಹಾಗಿರುತ್ತದೆ. ಇಷ್ಟು ಅಪರೂಪ ಆಗಿರುವುದರಿಂದಲೇ ವರ್ಸ್ಟ್ ಕೇಸ್ ಸರಾಸರಿಯನ್ನು ಮೇಲಕ್ಕೆ ಎಳೆಯಲಾರದು.

ಆದರೆ ಆ ಅಪರೂಪದ ಸಾಲುಗಳಲ್ಲಿ ಯಾವುವು ಇವೆ ನೋಡಿ. ಚಿಕ್ಕದರಿಂದ ದೊಡ್ಡದಕ್ಕೆ ನಿಂತ ಸಾಲು ಇದೆ. ದೊಡ್ಡದರಿಂದ ಚಿಕ್ಕದಕ್ಕೆ ನಿಂತದ್ದೂ ಇದೆ. ಚೀಟಿ ಕಲಸಿ ಹಾಕಿದರೆ ಎಂದೂ ಬಾರದ ಈ ಸಾಲುಗಳು ಮನುಷ್ಯರು ಬರೆದಿಟ್ಟ ರಿಜಿಸ್ಟರ್‌ನಲ್ಲಿ ದಿನಾ ಬರುತ್ತವೆ. ಹಾಜರಿ ಪುಸ್ತಕ ರೋಲ್ ನಂಬರ್ ಪ್ರಕಾರ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ ದಿನಾಂಕದ ಪ್ರಕಾರ. ಅಲ್ಲಿ n! ಸಾಲುಗಳು ಒಂದೇ ಸಮ ಅನ್ನುವ ಷರತ್ತು ನಿಲ್ಲುವುದಿಲ್ಲ.

ಹೀಗಾಗುತ್ತಿದೆ ಎಂದು ಹೊರಗಿನಿಂದ ಗುರುತಿಸುವುದೂ ಸುಲಭ. ಸಂಖ್ಯೆಗಳನ್ನು ದುಪ್ಪಟ್ಟು ಮಾಡಿ ಸಮಯ ನೋಡಿ. ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಹಿಡಿದರೆ n log n. ನಾಲ್ಕು ಪಟ್ಟು ಹಿಡಿದರೆ ಎಲ್ಲ ಜೋಡಿಗಳೂ ಭೇಟಿಯಾಗುತ್ತಿವೆ.

ನಾನು ಆಗ ಮಾಡಿದ ರಿಪೇರಿ ಒಂದೇ ಸಾಲಿನದು. ಪಿವಟ್ ಆರಿಸುವ ಮೊದಲು ಗುಂಪಿನಿಂದ ಯಾರಾದರೊಬ್ಬರನ್ನು ಎಬ್ಬಿಸಿ ಕೊನೆಗೆ ನಿಲ್ಲಿಸುವುದು.

```
swap(&a[lo + rand() % (hi - lo + 1)], &a[hi]);
```

ಇದನ್ನು `partition` ನ ಮೊದಲ ಸಾಲಾಗಿ ಸೇರಿಸಿದರೆ ಸಾಕು. ಬಿಲ್‌ಗಳು ಹೇಗೇ ನಿಂತಿರಲಿ, ಟವೆಲ್ ಯಾರ ಹೆಗಲಿಗೆ ಬೀಳುತ್ತದೆ ಅನ್ನುವುದು ಈಗ ಅವರ ಸಾಲಿನ ಮೇಲೆ ನಿಂತಿಲ್ಲ. ಸಾರ್ಟ್ ಆದ 40,000 ಬಿಲ್‌ಗಳಿಗೂ ಈಗ ನಿರೀಕ್ಷಿಸಬಹುದಾದದ್ದು ಆ 7 ಲಕ್ಷ 34 ಸಾವಿರವೇ. ಹಾಗಂತ 'ರ‍್ಯಾಂಡಮ್ ಪಿವಟ್‌ಗೆ ವರ್ಸ್ಟ್ ಕೇಸ್ O(n log n)' ಎಂದು ಬರೆಯಬೇಡಿ, ಅಂಕ ಹೋಗುತ್ತದೆ. ಪ್ರತಿ ಸಲವೂ ಅಂಚಿನವರೇ ಸಿಗುವ ಸಾಧ್ಯತೆ ಇದ್ದೇ ಇದೆ, ಹಾಗಾಗಿ ವರ್ಸ್ಟ್ ಕೇಸ್ ಇನ್ನೂ O(n²). ಸಂಖ್ಯೆಗಳೆಲ್ಲ ಬೇರೆ ಬೇರೆ ಇದ್ದರೆ ಅದನ್ನು ಎಳೆದು ತರುವ ಒಂದು ನಿರ್ದಿಷ್ಟ ಇನ್‌ಪುಟ್ ಮಾತ್ರ ಈಗ ಇಲ್ಲ.

ಚಿಹ್ನೆಗಳ ಬಗ್ಗೆ ಒಂದೇ ಮಾತು. 'O ಅಂದರೆ ವರ್ಸ್ಟ್, Ω ಅಂದರೆ ಬೆಸ್ಟ್, Θ ಅಂದರೆ ಆವರೇಜ್' ಎಂದು ಕೆಲವು ನೋಟ್ಸ್‌ಗಳಲ್ಲಿ ಇರುತ್ತದೆ. ಅದು ತಪ್ಪು. ವರ್ಸ್ಟ್, ಬೆಸ್ಟ್, ಆವರೇಜ್ ಅನ್ನುವುದು ಯಾವ ಸಾಲುಗಳ ಲೆಕ್ಕ ಅನ್ನುವುದನ್ನು ಹೇಳುತ್ತದೆ. O, Ω, Θ ಆ ಲೆಕ್ಕಕ್ಕೆ ಮೇಲಿನ ಮಿತಿ, ಕೆಳಗಿನ ಮಿತಿ, ಎರಡೂ ಕಡೆಯ ಮಿತಿ. ಕ್ವಿಕ್ ಸಾರ್ಟ್‌ನ ವರ್ಸ್ಟ್ ಕೇಸ್ Θ(n²) ಎಂದು ಬರೆದರೆ ಪೂರ್ತಿ ಸರಿ.

ಎಲ್ಲ ಸಾರ್ಟಿಂಗ್‌ನಲ್ಲೂ ಈ ಅಂತರ ಇರುತ್ತದೆಯೇ ಎಂದು ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಇಲ್ಲ. ಮರ್ಜ್ ಸಾರ್ಟ್ ಚೀಟಿಯಲ್ಲಿ ಏನಿದೆ ಎಂದು ನೋಡದೆ ನಟ್ಟನಡುವೆ ಭಾಗ ಮಾಡುತ್ತದೆ, ಹಾಗಾಗಿ ಭಾಗ ಎಂದೂ ಕೆಡುವುದಿಲ್ಲ. ವರ್ಸ್ಟ್ ಕೂಡ n log n, ಆವರೇಜ್ ಕೂಡ n log n. ಇನ್ಸರ್ಷನ್ ಸಾರ್ಟ್‌ನಲ್ಲಿ ಆವರೇಜ್ ಕೇಸ್ ವರ್ಸ್ಟ್‌ನ ಸುಮಾರು ಅರ್ಧ. ಆದರೆ n²ರ ಅರ್ಧವೂ n²ರ ಜಾತಿಯೇ. ಅದಕ್ಕೇ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಕ್ವಿಕ್ ಸಾರ್ಟ್ ಅನ್ನೇ ಎತ್ತಿಕೊಳ್ಳುತ್ತಾರೆ. ಟೋನಿ ಹೋರ್ ಇದನ್ನು 1961ರಲ್ಲಿ ಪ್ರಕಟಿಸಿದರು. ರಷ್ಯನ್ ಭಾಷೆಯಿಂದ ಅನುವಾದ ಮಾಡುವ ಕೆಲಸಕ್ಕೆ ವಾಕ್ಯದ ಪದಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಬೇಕಾಗಿ ಬಂದಾಗ ಮಾಸ್ಕೋದಲ್ಲಿದ್ದ ಅವರಿಗೆ ಇದು ಹೊಳೆದದ್ದು. ವಾಕ್ಯದಲ್ಲಿ ಪದಗಳು ಅಕ್ಷರ ಕ್ರಮದಲ್ಲಿ ಬರುವುದಿಲ್ಲವಲ್ಲ, ಅಲ್ಲಿ ಸರಾಸರಿಯ ಷರತ್ತು ಸಾಕಷ್ಟು ಚೆನ್ನಾಗಿಯೇ ನಿಲ್ಲುತ್ತದೆ.

ಕೊನೆಗೆ ಟವೆಲ್ ಹಾಕಿಕೊಂಡಿದ್ದ ಆ ಹುಡುಗಿಯೇ ಮತ್ತೊಂದು ಪ್ರಶ್ನೆ ಕೇಳಿದಳು. "ಸರ್, ಎಲ್ಲಾ ಚೀಟಿ ಒಂದ ನಂಬರ್ ಇದ್ರ ಏನಾಗ್ತೈತ್ರಿ? ರ‍್ಯಾಂಡಮ್ ಪಿವಟ್ ಉಪಯೋಗಕ್ಕ ಬರ್ತೈತೇನ್ರಿ?"

ಬರುವುದಿಲ್ಲ. ಏಳೂ ಚೀಟಿ 40 ಆಗಿರಲಿ. ಯಾರಿಗೇ ಟವೆಲ್ ಹಾಕಿದರೂ ಅವರಿಗಿಂತ ಚಿಕ್ಕವರು ಯಾರೂ ಇಲ್ಲ. `a[j] < p` ಎಂದೂ ನಿಜವಾಗುವುದಿಲ್ಲ, ಆರೂ ಜನ ಬಲಕ್ಕೇ ಉಳಿಯುತ್ತಾರೆ. ಮತ್ತೆ 21. ನಾವು ಮಾಡಿದ 2/(d+1) ಲೆಕ್ಕದಲ್ಲಿ ಚೀಟಿಗಳೆಲ್ಲ ಬೇರೆ ಬೇರೆ ಎಂದು ಸದ್ದಿಲ್ಲದೆ ಒಪ್ಪಿಕೊಂಡಿದ್ದೆವು. ಆ ಒಪ್ಪಂದ ಇಲ್ಲಿ ಮುರಿಯಿತು. ಬಿಲ್ ನಂಬರ್‌ಗಳಲ್ಲಿ ಎರಡು ಒಂದೇ ಇರುವುದಿಲ್ಲ, ಹಾಗಾಗಿ ನನ್ನ ಒಂದು ಸಾಲಿನ ರಿಪೇರಿ ಅಲ್ಲಿ ಸಾಕಾಯಿತು. 40,000 ವಿದ್ಯಾರ್ಥಿಗಳ ಅಂಕಪಟ್ಟಿಯಾಗಿದ್ದರೆ ಸಾಕಾಗುತ್ತಿರಲಿಲ್ಲ. ಗೈರುಹಾಜರಾದ 20,000 ಜನರಿಗೆ ಸೊನ್ನೆ ಹಾಕಿದ್ದರೆ ಆ ಸೊನ್ನೆಗಳ ನಡುವೆಯೇ ಹತ್ತಿರಹತ್ತಿರ 20 ಕೋಟಿ ಹೋಲಿಕೆ ನಡೆಯುತ್ತದೆ.

ಅಲ್ಲಿ ಎರಡರ ಬದಲು ಮೂರು ಗುಂಪು ಮಾಡಬೇಕು. ಪಿವಟ್‌ಗಿಂತ ಚಿಕ್ಕವರು ಎಡಕ್ಕೆ, ದೊಡ್ಡವರು ಬಲಕ್ಕೆ, ಪಿವಟ್‌ಗೆ ಸಮ ಇರುವವರೆಲ್ಲ ಪಿವಟ್ ಪಕ್ಕದಲ್ಲೇ. ನಡುವಿನ ಗುಂಪು ಮುಂದಿನ ಸುತ್ತಿಗೆ ಹೋಗುವುದೇ ಇಲ್ಲ. ಸೊನ್ನೆಗೆ ಒಮ್ಮೆ ಟವೆಲ್ ಬಿದ್ದರೆ 20,000 ಜನರೂ ಒಂದೇ ಸಲ ತಮ್ಮ ಜಾಗ ಸೇರುತ್ತಾರೆ. ಅಂಕ 0 ರಿಂದ 100ರ ತನಕ ಇದ್ದರೆ ಪಿವಟ್ ಆಗಬಲ್ಲ ಸಂಖ್ಯೆಗಳೇ 101. ಪಟ್ಟಿ ಎಷ್ಟೇ ಉದ್ದ ಇರಲಿ, ಇಳಿತ ಅದಕ್ಕಿಂತ ಆಳಕ್ಕೆ ಹೋಗುವುದಿಲ್ಲ.